92 ಪರ್ಸೆಂಟ್ ಅಂದರೆ ಯಾವುದರ 92?

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಕಾಲೇಜು ಹುಡುಗರಿರುವ ಮನೆಗಳಲ್ಲಿ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಾಟ್ಸಾಪಿನಲ್ಲಿ ಒಂದು ಬಗೆಯ ಚಿತ್ರ ಹರಿದಾಡಲು ಶುರುವಾಗುತ್ತದೆ. ಆನ್‌ಲೈನ್ ಕೋರ್ಸಿನ ಪ್ರಗತಿ ಪುಟದ ಸ್ಕ್ರೀನ್‌ಶಾಟ್ ಅದು. ಹಸಿರು ಪಟ್ಟಿಯೊಂದು ಹೆಚ್ಚುಕಡಿಮೆ ತುಂಬಿರುತ್ತದೆ, ಪಕ್ಕದಲ್ಲಿ 92% ಎಂದಿರುತ್ತದೆ, ಕೆಳಗೆ ಕ್ವಿಜ್ ಅಂಕಗಳ ಸಾಲು. ಸರ್ಟಿಫಿಕೇಟ್ ಎಂಬ ಗುಂಡಿ ಮಾತ್ರ ಬೂದು ಬಣ್ಣದಲ್ಲಿದ್ದು ಒತ್ತಿದರೆ ಏನೂ ಆಗುವುದಿಲ್ಲ. ಜೊತೆಗೆ ಬರುವ ಪ್ರಶ್ನೆಯೂ ಒಂದೇ: "ಕಾಕಾ, ಇಷ್ಟೆಲ್ಲಾ ಆಗ್ಯಾದ, ಸರ್ಟಿಫಿಕೇಟ್ ಯಾಕ್ ಬರವಲ್ತು?"

ಉತ್ತರ ಆ ಚಿತ್ರದಲ್ಲೇ ಇರುತ್ತದೆ, ಆದರೆ ಅರ್ಧ ಮಾತ್ರ. ಉಳಿದರ್ಧ ಕೋರ್ಸಿನ ತಂತ್ರಾಂಶ ಲೆಕ್ಕ ಹಾಕುವ ಕ್ರಮದಲ್ಲಿದೆ. ಪರದೆಯ ಮೇಲೆ ಒಟ್ಟೊಟ್ಟಿಗೆ ಕೂತಿರುವ ಈ ಮೂರು ಸಂಗತಿಗಳನ್ನು ತಂತ್ರಾಂಶ ಮೂರು ಬೇರೆ ನಿಯಮಗಳಿಂದ ತೆಗೆಯುತ್ತದೆ. ಒಂದು ಹೆಚ್ಚಾದರೆ ಇನ್ನೊಂದು ತಾನಾಗಿ ಹೆಚ್ಚಬೇಕೆಂದಿಲ್ಲ.

ಮೊದಲು ಶೇಕಡಾವನ್ನು ನೋಡೋಣ. ಅನೇಕ ಕಾಲೇಜುಗಳು ಬಳಸುವ ಮೂಡಲ್‌ನಂಥ ವೇದಿಕೆಗಳು ಕೋರ್ಸನ್ನು ಸಣ್ಣ ಸಣ್ಣ ಚಟುವಟಿಕೆಗಳಾಗಿ ಒಡೆದಿಟ್ಟಿರುತ್ತವೆ. ವಿಡಿಯೋ, ಓದಲು ಕೊಟ್ಟ ಪುಟ, ಕ್ವಿಜ್, ಅಸೈನ್‌ಮೆಂಟ್, ಹೀಗೆ. ಎಷ್ಟು ಚಟುವಟಿಕೆಗಳಿಗೆ ಟಿಕ್ ಬಿದ್ದಿದೆಯೋ ಅದನ್ನು ಒಟ್ಟು ಚಟುವಟಿಕೆಗಳಿಂದ ಭಾಗಿಸಿದರೆ ಶೇಕಡಾ ಬಂತು. ಇಲ್ಲಿ ಮೂರು ನಿಮಿಷದ ಪರಿಚಯ ವಿಡಿಯೋಗೂ ಒಂದು ಗಂಟೆಯ ಅಂತಿಮ ಕ್ವಿಜ್‌ಗೂ ಒಂದೇ ತೂಕ. 36 ವಿಡಿಯೋ, 8 ಓದಿನ ಪುಟ, 4 ಕ್ವಿಜ್ ಇರುವ ಕೋರ್ಸನ್ನು ತೆಗೆದುಕೊಳ್ಳಿ, ಒಟ್ಟು 48. ಎಲ್ಲಾ ವಿಡಿಯೋ ನೋಡಿ, ಎಲ್ಲಾ ಪುಟ ತೆರೆದು, ಒಂದೂ ಕ್ವಿಜ್ ಮುಟ್ಟದವರಿಗೆ 48ರಲ್ಲಿ 44, ಅಂದರೆ 92 ಶೇಕಡಾ ಬರುತ್ತದೆ. ಸರ್ಟಿಫಿಕೇಟ್ ನಿಂತಿರುವುದು ಉಳಿದ ಆ ನಾಲ್ಕರ ಮೇಲೆ.

ಟಿಕ್ ಯಾವಾಗ ಬೀಳುತ್ತದೆ ಎನ್ನುವುದನ್ನೂ ಕೋರ್ಸ್ ರೂಪಿಸಿದವರೇ ನಿರ್ಧರಿಸುತ್ತಾರೆ. ಪುಟ ತೆರೆದರೆ ಸಾಕು ಎಂದಿಡಬಹುದು, ಉತ್ತರ ಸಲ್ಲಿಸಬೇಕು ಎನ್ನಬಹುದು, ಪಾಸ್ ಆಗುವಷ್ಟು ಅಂಕ ಬರಬೇಕು ಎಂದೂ ಇಡಬಹುದು. ಮೊದಲನೆಯ ನಿಯಮವಿದ್ದಲ್ಲಿ ಕ್ವಿಜ್ ತೆರೆದು ಸುಮ್ಮನೆ ಮುಚ್ಚಿದವರಿಗೂ ಟಿಕ್ ಸಿಗುತ್ತದೆ. ಅಂಥವರ ಪರದೆಯಲ್ಲಿ 100% ಇರುತ್ತದೆ, ಅಂಕದ ಕಾಲಂ ಖಾಲಿ ಇರುತ್ತದೆ. ನೂರು ತುಂಬಿದ ಪಟ್ಟಿಯ ಕೆಳಗೆ ಖಾಲಿ ಅಂಕ ಕಂಡರೆ ಕಾರಣ ಬಹುಪಾಲು ಇದೇ.

ಕ್ವಿಜ್ ಅಂಕಕ್ಕೂ ಇಂಥದೊಂದು ಒಳಗುಟ್ಟಿದೆ. ಒಂದೇ ಕ್ವಿಜ್ ಅನ್ನು ಹಲವು ಸಲ ಬರೆಯಲು ಬಿಟ್ಟಾಗ ಯಾವ ಸಲದ ಅಂಕ ಹಿಡಿಯಬೇಕು ಎನ್ನಲು ಮೂಡಲ್‌ನಲ್ಲಿ ನಾಲ್ಕು ಆಯ್ಕೆಗಳಿವೆ: ಅತಿ ಹೆಚ್ಚಿನದು, ಸರಾಸರಿ, ಮೊದಲನೆಯದು, ಕೊನೆಯದು. ಹುಡುಗನೊಬ್ಬ 10ಕ್ಕೆ ಮೊದಲು 4, ಆಮೇಲೆ 9, ಇನ್ನೊಮ್ಮೆ ಬರೆದು 6 ತೆಗೆದ ಎನ್ನೋಣ. ಪಾಸ್ ಆಗಲು 7 ಬೇಕು. ಅತಿ ಹೆಚ್ಚಿನ ಅಂಕ ಹಿಡಿಯುವ ನಿಯಮವಿದ್ದರೆ ಮಾತ್ರ ಅವನು ಪಾಸ್. ಸರಾಸರಿಯಾದರೆ 6.33, ಕೊನೆಯದಾದರೆ 6, ಮೊದಲನೆಯದಾದರೆ 4. ಒಂಬತ್ತು ಬಂದ ಮೇಲೂ ಇನ್ನೊಮ್ಮೆ ಬರೆದು ನೋಡುವ ಉತ್ಸಾಹ ಒಳ್ಳೆಯದೇ, ಆದರೆ ಅದಕ್ಕೂ ಮುಂಚೆ ಕ್ವಿಜ್‌ನ ಮೊದಲ ಪುಟದಲ್ಲಿರುವ ಆ ಒಂದು ಸಾಲನ್ನು ಓದಬೇಕು.

ಇನ್ನು ಅರ್ಹತೆಯ ವಿಷಯ. ಇಲ್ಲಿ ಎನ್‌ಪಿಟಿಇಎಲ್ ಅನ್ನು ಹಿಡಿದು ಹೇಳುವುದೇ ಸರಿ, ಏಕೆಂದರೆ ನಮ್ಮ ಭಾಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವುದು ಅದರ ಬಗ್ಗೆಯೇ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಶುರುಮಾಡಿದ ಯೋಜನೆ ಅದು. 2014ರಿಂದ ಪ್ರಮಾಣಪತ್ರದ ಕೋರ್ಸುಗಳನ್ನು ನಡೆಸುತ್ತಿದೆ, ಈಗ ಸ್ವಯಂ ವೇದಿಕೆಯ ಭಾಗ. ಯುಜಿಸಿಯ 2021ರ ನಿಯಮದ ಪ್ರಕಾರ ವಿಶ್ವವಿದ್ಯಾಲಯವು ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಓದಲು ಬಿಡಬಹುದು. ಹಾಗಾಗಿ ಇದು ಗೋಡೆಗೆ ತೂಗುಹಾಕುವ ಕಾಗದವಷ್ಟೇ ಅಲ್ಲ, ಕ್ರೆಡಿಟ್ ಆಗಿ ಅಂಕಪಟ್ಟಿಗೂ ಸೇರುವಂಥದು.

ಹನ್ನೆರಡು ವಾರದ ಸಾಮಾನ್ಯ ಕೋರ್ಸಿನಲ್ಲಿ ವಾರಕ್ಕೊಂದರಂತೆ 12 ಅಸೈನ್‌ಮೆಂಟ್ ಇರುತ್ತವೆ. ಅವುಗಳಲ್ಲಿ ಅತ್ಯುತ್ತಮವಾದ 8ನ್ನು ಮಾತ್ರ ಹಿಡಿದು ಸರಾಸರಿ ತೆಗೆಯುತ್ತಾರೆ. ಆ ಸರಾಸರಿಯ ಕಾಲು ಭಾಗ 25ಕ್ಕೆ ಬರುವ ಅಂಕ. ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಅಂತಿಮ ಪರೀಕ್ಷೆಯ ಅಂಕದಲ್ಲಿ ಮುಕ್ಕಾಲು ಭಾಗ 75ಕ್ಕೆ ಬರುವ ಅಂಕ. ಎರಡೂ ಕೂಡಿದರೆ ನೂರಕ್ಕೆ ಅಂತಿಮ ಅಂಕ. ಪ್ರಮಾಣಪತ್ರಕ್ಕೆ ಮೊದಲನೆಯದರಲ್ಲಿ ಕನಿಷ್ಠ 10, ಎರಡನೆಯದರಲ್ಲಿ ಕನಿಷ್ಠ 30 ಬೇಕು. ಎರಡೂ ಬೇಕು ಎನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಂಟರ್ನಲ್ಸ್‌ನಲ್ಲಿ ಬೇರೆ ಕನಿಷ್ಠ, ಸೆಮ್ ಎಕ್ಸಾಮಿನಲ್ಲಿ ಬೇರೆ ಕನಿಷ್ಠ ಇರುತ್ತದಲ್ಲ, ಅದೇ ಲೆಕ್ಕ ಇದು.

ಈಗ ಒಂದು ಪರದೆಯನ್ನು ಓದೋಣ. ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಕಲಬುರಗಿಯ ಕಾಲೇಜಿಗೆ ಓಡಾಡುವ ವಿದ್ಯಾರ್ಥಿನಿಯೊಬ್ಬಳದು ಎಂದುಕೊಳ್ಳಿ. ಮನೆಗೆ ಹೋದಾಗ ನೆಟ್‌ವರ್ಕ್ ಕೈಕೊಟ್ಟು ಮೂರನೆಯ ಮತ್ತು ಆರನೆಯ ವಾರದ ಅಸೈನ್‌ಮೆಂಟ್ ತಪ್ಪಿಹೋಗಿವೆ. ಉಳಿದವು ವಾರದ ಕ್ರಮದಲ್ಲಿ 90, 80, 70, 85, 60, 75, 50, 40, 65. ಹನ್ನೆರಡನೆಯದರ ಅಂಕ ಇನ್ನೂ ಬಂದಿಲ್ಲ. ಎರಡು ಸೊನ್ನೆ ಕಂಡು ಅವಳಿಗೆ ಎದೆ ಒಡೆದುಹೋಗಿದೆ.

ಎಲ್ಲದರ ಮೇಲೂ ‘ಸೊನ್ನೆಯ ವಾರ’ದ ಅಸೈನ್‌ಮೆಂಟಿಗೆ 100 ಎಂದಿದೆ. ಅದನ್ನು ಮೊದಲು ಬಿಟ್ಟುಬಿಡಿ, ಅದು ಅಭ್ಯಾಸಕ್ಕೆ ಕೊಟ್ಟದ್ದು, ಲೆಕ್ಕಕ್ಕಿಲ್ಲ. ಉಳಿದವುಗಳಲ್ಲಿ ಮೇಲಿನ ಎಂಟನ್ನು ಆರಿಸಿದರೆ 90, 85, 80, 75, 70, 65, 60, 50. ಕೂಡಿದರೆ 575, ಎಂಟರಿಂದ ಭಾಗಿಸಿದರೆ 71.875, ಅದರ ಕಾಲು ಭಾಗ ಸುಮಾರು 17.97. ಬೇಕಿದ್ದದ್ದು 10. ತಪ್ಪಿಹೋದ ಎರಡು ವಾರ ಆ ಎಂಟರೊಳಗೆ ಬರಲೇ ಇಲ್ಲ, ಆ ಸೊನ್ನೆಗಳಿಂದ ಇಲ್ಲಿ ಕಳೆದದ್ದೇನೂ ಇಲ್ಲ. ಹನ್ನೆರಡನೆಯದರಲ್ಲಿ 80 ಬಂದರೆ 50ರ ಜಾಗಕ್ಕೆ ಅದು ಕೂರುತ್ತದೆ, ಒಟ್ಟು 18.9 ಆಗುತ್ತದೆ. ಒಂದು ವಾರದ ದುಡಿಮೆಗೆ ಅಂತಿಮ ಅಂಕದಲ್ಲಿ ಒಂದು ಅಂಕವೂ ಪೂರ್ತಿ ಏರಲಿಲ್ಲ. ಅದೇ ಪರೀಕ್ಷೆಯಲ್ಲಿ ಹೆಚ್ಚು ತೆಗೆದ ಒಂದೊಂದು ಅಂಕವೂ 0.75 ತರುತ್ತದೆ. ಈ ಹಂತದಲ್ಲಿ ಅವಳ ಸಮಯ ಎಲ್ಲಿಗೆ ಹೋಗಬೇಕು ಎನ್ನುವುದು ಈ ಎರಡು ಸಂಖ್ಯೆಗಳಿಂದಲೇ ತಿಳಿಯುತ್ತದೆ.

ಅಪಾಯವಿರುವುದು ಆಚೆ ಕಡೆ. ಪರೀಕ್ಷೆಯಲ್ಲಿ ಅವಳಿಗೆ 38 ಬಂತು ಎನ್ನಿ. ಮುಕ್ಕಾಲು ಭಾಗ 28.5. ಅಸೈನ್‌ಮೆಂಟಿನ 17.97 ಕೂಡಿದರೆ ಅಂತಿಮ ಅಂಕ 46 ದಾಟುತ್ತದೆ. ನಲವತ್ತಕ್ಕಿಂತ ಮೇಲಿದೆ, ಆದರೂ ಪ್ರಮಾಣಪತ್ರ ಇಲ್ಲ, ಏಕೆಂದರೆ 28.5 ಎನ್ನುವುದು 30ಕ್ಕಿಂತ ಕಡಿಮೆ. ಇನ್ನೆರಡು ಅಂಕ ಬಂದು 40 ಆಗಿದ್ದರೆ ಸಾಕಿತ್ತು. ತಿರುಗುಮುರುಗೂ ನಡೆಯುತ್ತದೆ. ವಿಷಯ ಚೆನ್ನಾಗಿ ಬಲ್ಲ ಹುಡುಗ ಅಸೈನ್‌ಮೆಂಟ್ ಕಡೆ ತಲೆಹಾಕದೆ ಎಂಟರ ಸರಾಸರಿ 36ಕ್ಕೆ ನಿಂತ ಎನ್ನಿ, ಅವನಿಗೆ 25ಕ್ಕೆ 9. ಪರೀಕ್ಷೆಯಲ್ಲಿ 90 ತೆಗೆದರೂ, ಒಟ್ಟು 76.5 ಆದರೂ, ಪ್ರಮಾಣಪತ್ರ ಸಿಗದು. ಪರೀಕ್ಷೆ ಒಂದೇ ದಿನ ಮುಗಿಯುತ್ತದೆ, ಅಸೈನ್‌ಮೆಂಟಿನ ಗಡುವು ಮಾತ್ರ ವಾರ ವಾರ ಬಂದು ಹೋಗುತ್ತದೆ, ಹೋದದ್ದು ಮತ್ತೆ ತೆರೆಯುವುದಿಲ್ಲ. ನನಗೆ ಹೆಚ್ಚು ಸಂಕಟವಾಗುವುದು ಈ ಎರಡನೆಯ ಬಗೆಯ ಪರದೆ ನೋಡಿದಾಗ. ನಾಲ್ಕೇ ನಾಲ್ಕು ಅಸೈನ್‌ಮೆಂಟಿನಲ್ಲಿ ತಲಾ 80 ತೆಗೆದು ಉಳಿದವು ಸೊನ್ನೆಯಾಗಿದ್ದರೂ ಎಂಟರ ಸರಾಸರಿ 40 ಆಗಿ ಆ 10 ಅಂಕ ಕೈಸೇರುತ್ತಿತ್ತು.

ಎಂಟು ವಾರದ ಕೋರ್ಸಿಗೆ 8ರಲ್ಲಿ ಉತ್ತಮವಾದ 6, ನಾಲ್ಕು ವಾರದ್ದಕ್ಕೆ 4ರಲ್ಲಿ 3 ಹಿಡಿಯುತ್ತಾರೆ. ಪ್ರೋಗ್ರಾಮಿಂಗ್ ಕಲಿಸುವ ಕೆಲವು ಕೋರ್ಸುಗಳಲ್ಲಿ ಈ ಹಂಚಿಕೆಯೇ ಬೇರೆ ಇರುವುದರಿಂದ ಆಯಾ ಕೋರ್ಸಿನ ಪುಟದಲ್ಲಿ ಬರೆದಿರುವುದನ್ನೇ ನಂಬಬೇಕು. ಪ್ರಮಾಣಪತ್ರದ ದರ್ಜೆಗೂ ಅಂತಿಮ ಅಂಕವೇ ಆಧಾರ: 60ರಿಂದ ಎಲೀಟ್, 75ರಿಂದ ಅದರ ಜೊತೆ ಸಿಲ್ವರ್, 90ರಿಂದ ಗೋಲ್ಡ್. ನಮ್ಮ ಕಮಲಾಪುರದ ವಿದ್ಯಾರ್ಥಿನಿಗೆ ಎಲೀಟ್ ಬೇಕಿದ್ದರೆ 60ರಲ್ಲಿ 17.97 ಕಳೆದು 0.75ರಿಂದ ಭಾಗಿಸಲಿ. ಉತ್ತರ 56ಕ್ಕಿಂತ ಒಂದು ಕೂದಲೆಳೆ ಮೇಲೆ, ಅಂದರೆ ಪರೀಕ್ಷೆಯಲ್ಲಿ 57 ಗುರಿ ಇಟ್ಟುಕೊಂಡರೆ ಭದ್ರ.

ಇಷ್ಟು ಲೆಕ್ಕ ಸರಿಬಂದ ಮೇಲೂ ಸ್ಕ್ರೀನ್‌ಶಾಟ್ ತೋರಿಸದ ಸಂಗತಿಗಳು ಕೆಲವು ಉಳಿಯುತ್ತವೆ. ಮೊದಲನೆಯದು ನೋಂದಣಿ. ಕೋರ್ಸಿಗೆ ಸೇರುವುದು ಉಚಿತ, ಪರೀಕ್ಷೆಗೆ ಹೆಸರು ನೋಂದಾಯಿಸಿ ಶುಲ್ಕ ಕಟ್ಟುವುದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಕೊನೆಯ ದಿನ. ಪ್ರಗತಿ ಪುಟದಲ್ಲಿ 12 ವಾರದ ಅಂಕವೂ ಹೊಳೆಯುತ್ತಿದ್ದು ಪರೀಕ್ಷೆಯ ಫಾರ್ಮ್ ತುಂಬಿರದಿದ್ದರೆ ಪ್ರಮಾಣಪತ್ರದ ಮಾತೇ ಇಲ್ಲ. ಆದ್ದರಿಂದ ಪ್ರಗತಿ ಪುಟದ ಚಿತ್ರ ಕಳಿಸಿದವರಿಗೆ ನೋಂದಣಿಯ ರಸೀದಿಯನ್ನೂ ಕಳಿಸಲು ಹೇಳಿ.

ಎರಡನೆಯದು ಖಾತೆ. ಅಂಕಗಳು ಯಾವ ಇಮೇಲ್‌ನಿಂದ ಕೋರ್ಸಿಗೆ ಸೇರಿದ್ದರೋ ಅದಕ್ಕೇ ಅಂಟಿಕೊಂಡಿರುತ್ತವೆ. ಕಾಲೇಜಿನ ಇಮೇಲ್‌ನಲ್ಲಿ ಕೋರ್ಸು ಸೇರಿ, ಮೊಬೈಲಿನಲ್ಲಿ ಸ್ವಂತ ಜಿಮೇಲ್ ತೆರೆದು ನೋಡಿದರೆ ಎಲ್ಲವೂ ಖಾಲಿ ಕಾಣುತ್ತದೆ. ಗಾಬರಿಯಿಂದ ಬರುವ ‘ಅಂಕ ಎಲ್ಲಾ ಹೋಗ್ಯಾವ’ ಎಂಬ ಸಂದೇಶಗಳಿಗೆ ಇದೂ ಒಂದು ಕಾರಣ. ಪುಟದ ಮೇಲ್ಭಾಗ ಕತ್ತರಿಸಿ ಕಳಿಸಿದರೆ ಇದು ಗೊತ್ತಾಗುವುದಿಲ್ಲ. ಹೆಸರು, ಇಮೇಲ್, ವಿಳಾಸ ಪಟ್ಟಿ ಕಾಣುವಂತೆ ಪೂರ್ತಿ ಚಿತ್ರ ಬೇಕು. ವಿಳಾಸದಲ್ಲಿ `noc` ಪಕ್ಕದ ಎರಡು ಅಂಕಿ ಕೋರ್ಸು ನಡೆದ ವರ್ಷ. `noc24` ಎಂದಿದ್ದರೆ ಅದು 2024ರದ್ದು, ಈ ವರ್ಷದ ತರಗತಿಯ ಪುಟ ಬೇರೆ ಇರುತ್ತದೆ.

ಮೂರನೆಯದು ಚಿತ್ರ ತೆಗೆದ ಹೊತ್ತು. ಅಸೈನ್‌ಮೆಂಟನ್ನು ಗಡುವಿನೊಳಗೆ ಎಷ್ಟು ಸಲ ಬೇಕಾದರೂ ಸಲ್ಲಿಸಬಹುದು, ಕೊನೆಯ ಸಲದ್ದನ್ನೇ ಮೌಲ್ಯಮಾಪನಕ್ಕೆ ಹಿಡಿಯುತ್ತಾರೆ, ಅಂಕ ಬರುವುದು ಗಡುವು ಮುಗಿದ ಮೇಲೆ. ಸಲ್ಲಿಸಿದ ರಾತ್ರಿಯೇ ತೆಗೆದ ಚಿತ್ರದಲ್ಲಿ ಆ ವಾರದ ಅಂಕ ಕಾಣದಿದ್ದರೆ ಅದು ಸೊನ್ನೆಯಲ್ಲ. ಗಡುವು ಕಳೆದ ಮೇಲೆ ಆ ವಾರದ ಅಸೈನ್‌ಮೆಂಟ್ ಪುಟವನ್ನೇ ತೆರೆದು ನೋಡಿ. ನಮ್ಮ ದಾಖಲೆಯಂತೆ ನೀವು ಇದನ್ನು ಸಲ್ಲಿಸಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಮಾತ್ರ ಅದು ನಿಜವಾಗಿ ತಪ್ಪಿಹೋದ ವಾರ. ಹಾಗೆ ಬರೆದಿಲ್ಲ, ಅಂಕವೂ ಬಂದಿಲ್ಲ ಎಂದಾದರೆ ಇನ್ನೂ ನಾಲ್ಕು ದಿನ ಬಿಟ್ಟು ಮತ್ತೊಂದು ಚಿತ್ರ ತರಿಸಿಕೊಳ್ಳಿ.