ನಾಲ್ಕನೇ ಶನಿವಾರ ಮತ್ತು ಸಂಬಳದ ಫೈಲು

2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಮಿಕ್ಕ ಶನಿವಾರಗಳಲ್ಲಿ, ಐದನೆಯದು ಬಂದರೆ ಅಂದೂ, ಪೂರ್ತಿ ದಿನ ಕೆಲಸ. ಗ್ರಾಹಕರಿಗೆ ಇದು ಬಾಯಿಪಾಠ. ಕಂಪ್ಯೂಟರಿಗೆ ಯಾರಾದರೂ ಹೇಳಿಕೊಡಬೇಕು.

ಒಂದು ಕಚೇರಿಯಲ್ಲಿ ತಿಂಗಳ ಕೊನೆಯ ಕೆಲಸದ ದಿನ ಸಂಬಳ ಜಮೆಯಾಗುತ್ತದೆ, ಅದಕ್ಕೆ ಎರಡು ಕೆಲಸದ ದಿನ ಮೊದಲು ಫೈಲು ಬ್ಯಾಂಕಿಗೆ ತಲುಪಬೇಕು ಎಂದುಕೊಳ್ಳಿ. 2026ರ ಫೆಬ್ರವರಿ 28 ಶನಿವಾರ. ಅದನ್ನು ಕೆಲಸದ ದಿನವೆಂದು ಎಣಿಸಿದ ಕಂಪ್ಯೂಟರು ಫೈಲನ್ನು 26ರ ಗುರುವಾರ ಕಳಿಸುತ್ತದೆ. ಆದರೆ 28 ನಾಲ್ಕನೇ ಶನಿವಾರ. ಸಂಬಳದ ದಿನ 27ರ ಶುಕ್ರವಾರ, ಫೈಲಿನ ಗಡುವು 25ರ ಬುಧವಾರ. ಒಂದು ದಿನ ತಡವಾಯಿತು. ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ ಹಗಲೂ ರಾತ್ರಿ ನಡೆಯುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಹಣ ಸಾಗುತ್ತದೆ, ನಿಜ; ಫೈಲು ಪರಿಶೀಲಿಸಿ ಒಪ್ಪಿಗೆ ಕೊಡುವ ಸಿಬ್ಬಂದಿ ಅಂದು ಇರುವುದಿಲ್ಲ.

ಹಾಗಾಗಿ ರಜೆಯ ಶನಿವಾರ ಕೆಲಸ ಬಿಟ್ಟರಷ್ಟೇ ಸಾಲದು. ಬಿಟ್ಟದ್ದು ಸೋಮವಾರಕ್ಕೆ ಜಾರಿದರೆ ಗಡುವು ಮೀರುತ್ತದೆ. ಎಣಿಕೆ ಸಂಬಳದ ದಿನದಿಂದ ಹಿಂದಕ್ಕೆ ಬರಬೇಕು, ದಾರಿಯಲ್ಲಿ ಸಿಗುವ ರಜೆಗಳನ್ನು ದಾಟುತ್ತಾ.

ಎಷ್ಟನೇ ಶನಿವಾರ ಎಂದು ತಿಳಿಯುವ ಲೆಕ್ಕ ಸರಳ. ತಾರೀಖಿನಿಂದ 1 ಕಳೆದು, 7ರಿಂದ ಭಾಗಿಸಿ, ಶೇಷ ಬಿಟ್ಟು, 1 ಕೂಡಿಸಿ. 28ಕ್ಕೆ: 27ರಲ್ಲಿ ಏಳು ಮೂರು ಸಲ, ಒಂದು ಕೂಡಿದರೆ ನಾಲ್ಕು. ಎರಡನೇ ಶನಿವಾರ ಎಂದಿಗೂ 8ರಿಂದ 14ರೊಳಗೆ, ನಾಲ್ಕನೆಯದು 22ರಿಂದ 28ರೊಳಗೆ ಬೀಳುತ್ತದೆ. "ಒಂದು ಬಿಟ್ಟು ಒಂದು ಶನಿವಾರ" ಎಂದು ಹದಿನಾಲ್ಕು ದಿನಕ್ಕೊಮ್ಮೆ ಎಣಿಸಿದರೆ, ಐದು ಶನಿವಾರದ ತಿಂಗಳು ಬಂದೊಡನೆ ಲೆಕ್ಕ ತಪ್ಪುತ್ತದೆ.

ಇಲ್ಲೇ ಹಲವರು ಎಡವುವುದು. ಲಿನಕ್ಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ cron ಪಟ್ಟಿಯಲ್ಲಿ ಎರಡನೇ ಶನಿವಾರಕ್ಕೆಂದು ಹೀಗೆ ಬರೆಯುತ್ತಾರೆ:

```
30 10 8-14 * 6
```

ಓದಲು ಸರಿಯೆನಿಸುತ್ತದೆ. ಆದರೆ ತಾರೀಖು, ವಾರ ಎರಡನ್ನೂ ಕೊಟ್ಟಾಗ cron ಅವುಗಳಲ್ಲಿ ಯಾವುದೊಂದು ಹೊಂದಿದರೂ ಕೆಲಸ ಶುರು ಮಾಡುತ್ತದೆ. ಹೀಗಾಗಿ 8ರಿಂದ 14ರವರೆಗೆ ದಿನವೂ, ಜೊತೆಗೆ ಪ್ರತಿ ಶನಿವಾರವೂ ಅದು ಓಡುತ್ತದೆ. ವಾರದ ನಡುವೆ ಅದು ಓಡಿದ ದಾಖಲೆ ಲಾಗ್‌ನಲ್ಲಿ ಕಂಡರೆ ಕಾರಣ ಇದೇ. ದಿನವೂ ಓಡಿಸಿ, ಶನಿವಾರದ ಲೆಕ್ಕವನ್ನು ಪ್ರೋಗ್ರಾಮಿನೊಳಗೇ ಮಾಡುವುದು ಲೇಸು.

ಸೂತ್ರಕ್ಕೂ ಒಂದು ಮಿತಿ ಇದೆ. 2025ರ ನವೆಂಬರ್ 1 ಮೊದಲ ಶನಿವಾರ, ಸೂತ್ರದ ಪ್ರಕಾರ ಕೆಲಸದ ದಿನ. ಕರ್ನಾಟಕದಲ್ಲಿ ಅಂದು ರಾಜ್ಯೋತ್ಸವ, ಬ್ಯಾಂಕು ಮುಚ್ಚಿತ್ತು. ರಾಜ್ಯವಾರು ಬ್ಯಾಂಕ್ ರಜೆಗಳ ಪಟ್ಟಿಯನ್ನು ವರ್ಷದ ಆರಂಭದಲ್ಲೇ ಬೇರೆಯಾಗಿ ತುಂಬಿಟ್ಟು, ಹನ್ನೆರಡು ತಿಂಗಳ ಗಡುವುಗಳನ್ನು ಒಮ್ಮೆ ಮುದ್ರಿಸಿ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿದರೆ ತಪ್ಪು ತಾರೀಖು ಕಣ್ಣಿಗೆ ಬೀಳುತ್ತದೆ.