ಟವೆಲ್, ದಿಂಬಿನ ಕವರ್ ಮೇಲೆ ಕಿತ್ತಳೆ ಮಚ್ಚೆ: ಸೋಪಿನ ತಪ್ಪಲ್ಲ, ಮೊಡವೆ ಕ್ರೀಮಿನ ಕೆಲಸ

ಮಧುಗಿರಿ: ಹೊಸದಾಗಿ ತಂದ ನೀಲಿ ಟವೆಲ್. ನಾಲ್ಕು ಸಲ ಒಗೆಯುವಷ್ಟರಲ್ಲಿ ಮಧ್ಯೆ ಮಧ್ಯೆ ಕಿತ್ತಳೆ ಬಣ್ಣದ ಮಚ್ಚೆ. ದಿಂಬಿನ ಕವರ್ ಮೇಲೂ ಅದೇ ಕಥೆ, ಅದೂ ಕೆನ್ನೆ ತಾಗುವ ಜಾಗದಲ್ಲೇ. ಮನೆಯವರು ಮೊದಲು ಬಯ್ಯೋದು ಸೋಪಿನ ಪುಡಿಗೆ, ಆಮೇಲೆ ಬೋರ್‌ವೆಲ್ ನೀರಿಗೆ, ಕೊನೆಗೆ ಬಟ್ಟೆ ಅಂಗಡಿಯವರಿಗೆ. "ಏನ್ರೀ, ಇಂಥಾ ಕಳಪೆ ಬಣ್ಣದ ಮಾಲ್ ಕೊಟ್ಟಿದ್ದೀರಲ್ಲ" ಅಂತ ಟವೆಲ್ ಹಿಡಿದು ಅಂಗಡಿಗೆ ಬರುವವರೂ ಇದ್ದಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಿಯೇ ಆಗಲಿ, ಮನೆಯಲ್ಲಿ ಹೈಸ್ಕೂಲು, ಕಾಲೇಜಿಗೆ ಹೋಗುವ ಮಕ್ಕಳಿದ್ದು ಈ ಥರ ಮಚ್ಚೆ ಬಿದ್ದಿದ್ದರೆ ಮೊದಲು ನೋಡಬೇಕಾದದ್ದು ಸೋಪಿನ ಡಬ್ಬವನ್ನಲ್ಲ, ಕನ್ನಡಿ ಪಕ್ಕ ಇಟ್ಟಿರುವ ಮೊಡವೆ ಕ್ರೀಮಿನ ಟ್ಯೂಬನ್ನು.

ಆ ಟ್ಯೂಬಿನ ಮೇಲೆ ಬೆನ್ಝಾಯಿಲ್ ಪೆರಾಕ್ಸೈಡ್ ಎಂಬ ಹೆಸರಿದ್ದರೆ ಕಾರಣ ಬಹುಮಟ್ಟಿಗೆ ಸಿಕ್ಕಿದಂತೆ. ಕೆಲವರು ಇದನ್ನು ಚಿಕ್ಕದಾಗಿ ಬಿಪಿಒ ಅಂತಲೂ ಕರೆಯುತ್ತಾರೆ. ಶೇಕಡಾ 2.5, 5, 10 ಹೀಗೆ ಬೇರೆ ಬೇರೆ ಪ್ರಮಾಣದಲ್ಲಿ ಕ್ರೀಮು, ಜೆಲ್, ಫೇಸ್‌ವಾಶ್ ರೂಪದಲ್ಲಿ ಸಿಗುತ್ತದೆ. ಕ್ಲಿಂಡಾಮೈಸಿನ್ ಅಥವಾ ಅಡಾಪಲೀನ್ ಜೊತೆ ಬೆರೆಸಿದ ಟ್ಯೂಬ್‌ಗಳೂ ಇವೆ. ಅಡಾಪಲೀನ್ ಒಂದೇ ಇರುವ, ಕ್ಲಿಂಡಾಮೈಸಿನ್ ಒಂದೇ ಇರುವ ಜೆಲ್‌ಗಳು ಬಟ್ಟೆಯ ಬಣ್ಣ ಹೀಗೆ ತೆಗೆಯುವುದಿಲ್ಲ. ಆದ್ದರಿಂದ ಟ್ಯೂಬಿನ ಮುಂದೆ ದಪ್ಪಕ್ಷರದಲ್ಲಿರುವ ಕಂಪನಿ ಹೆಸರು ನೋಡಿದರೆ ಸಾಲದು, ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುವ ಔಷಧದ ಹೆಸರು ಓದಬೇಕು.

ಬಟ್ಟೆಯ ಮೇಲೆ ಆಗುವುದೇನು?

ಬೆನ್ಝಾಯಿಲ್ ಪೆರಾಕ್ಸೈಡ್ ಮೊಡವೆಯ ರಂಧ್ರದೊಳಗೆ ಹೋಗಿ ಆಮ್ಲಜನಕದ ಹೊಡೆತ ಕೊಟ್ಟು ಅಲ್ಲಿನ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆಂಟಿಬಯಾಟಿಕ್‌ಗೆ ಒಗ್ಗಿಕೊಂಡ ಹಾಗೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಡಾಕ್ಟರುಗಳು ಇದನ್ನು ಬರೆದುಕೊಡುವುದಕ್ಕೆ ಅದೂ ಒಂದು ಕಾರಣ. ಆದರೆ ಅದೇ ಹೊಡೆತ ಬಟ್ಟೆಯ ಬಣ್ಣಕ್ಕೂ ಬೀಳುತ್ತದೆ. ಅಮೆರಿಕದಲ್ಲಿ ಗೋಧಿ ಹಿಟ್ಟನ್ನು ಬಿಳುಪು ಮಾಡುವುದಕ್ಕೆ ಇದೇ ರಾಸಾಯನಿಕ ಬಳಸುತ್ತಾರೆ ಅಂದರೆ ಇದರ ಗುಣ ಗೊತ್ತಾಗುತ್ತದೆ. ಬ್ಲೀಚಿಂಗ್ ಪೌಡರ್‌ಗೂ ಇದಕ್ಕೂ ವಸ್ತು ಬೇರೆ, ಬಣ್ಣ ತೆಗೆಯುವ ಕೆಲಸ ಮಾತ್ರ ಒಂದೇ ಜಾತಿಯದು.

ಹಾಗಾದರೆ ಬಿಳಿ ಆಗದೆ ಕಿತ್ತಳೆ ಯಾಕೆ ಆಗುತ್ತದೆ? ಗಾಢ ನೀಲಿ, ಹಸಿರು, ಕಂದು, ಬೂದು, ಕಪ್ಪು ಬಟ್ಟೆಗಳಿಗೆ ಸಾಮಾನ್ಯವಾಗಿ ಒಂದೇ ಬಣ್ಣ ಹಾಕಿರುವುದಿಲ್ಲ. ನೀಲಿ, ಕೆಂಪು, ಹಳದಿ ಬಣ್ಣಗಳನ್ನು ಅಳತೆ ಮಾಡಿ ಬೆರೆಸಿರುತ್ತಾರೆ. ಕ್ರೀಮು ತಾಗಿದಾಗ ಬಹಳ ಸಲ ಮೊದಲು ಸೋಲುವುದು ನೀಲಿ. ನೀಲಿ ಹೋದ ಮೇಲೆ ಉಳಿಯುವುದು ಕೆಂಪು ಮತ್ತು ಹಳದಿ, ಇವೆರಡು ಸೇರಿದರೆ ಕಿತ್ತಳೆ. ಅಂದರೆ ಕಣ್ಣಿಗೆ ಕಾಣುವ ಕಿತ್ತಳೆ ಹೊಸದಾಗಿ ಬಂದು ಕೂತ ಕಲೆಯಲ್ಲ, ಬಟ್ಟೆಯೊಳಗೆ ಮೊದಲಿನಿಂದ ಇದ್ದ ಬಣ್ಣವೇ. ಮೇಲಿದ್ದ ನೀಲಿ ಹೋಗಿದೆ ಅಷ್ಟೆ. ಎಷ್ಟು ಉಜ್ಜಿದರೂ, ನಿಂಬೆಹಣ್ಣು, ಸೋಡಾ ಹಾಕಿದರೂ ಹೋಗದೆ ಇರುವುದಕ್ಕೆ ಕಾರಣ ಇದೇ. ಅಲ್ಲಿ ತೆಗೆಯುವುದಕ್ಕೆ ಏನೂ ಇಲ್ಲ.

ರಾತ್ರಿ ಹಚ್ಚಿದ್ದು ಬೆಳಗ್ಗೆ ಹೇಗೆ ಕಾಡುತ್ತದೆ?

ಒಂದು ಮನೆಯ ಲೆಕ್ಕ ಹಿಡಿಯೋಣ. ಹುಡುಗ ರಾತ್ರಿ ಹತ್ತಕ್ಕೆ ಮುಖ ತೊಳೆದು ಕ್ರೀಮು ಹಚ್ಚಿ, ಬೆರಳನ್ನು ಟವೆಲ್‌ಗೆ ಒರೆಸಿ ಮಲಗುತ್ತಾನೆ. ಆ ಒರೆಸಿದ್ದು ಮೊದಲ ಮಚ್ಚೆ. ಏಪ್ರಿಲ್ ತಿಂಗಳ ಸೆಕೆ, ಮಧ್ಯರಾತ್ರಿ ಕರೆಂಟ್ ಹೋಗುತ್ತದೆ, ಫ್ಯಾನ್ ನಿಲ್ಲುತ್ತದೆ, ಬೆವರು. ಮುಖದ ಮೇಲೆ ಒಣಗಿದ್ದ ಕ್ರೀಮು ಬೆವರಿನ ಜೊತೆ ಕರಗಿ ದಿಂಬಿಗೆ ಇಳಿಯುತ್ತದೆ. ಮಗ್ಗುಲು ಬದಲಾಯಿಸಿದರೆ ಇನ್ನೊಂದು ಕೆನ್ನೆಯದ್ದು ಇನ್ನೊಂದು ಜಾಗಕ್ಕೆ. ಬೆಳಗ್ಗೆ ಎದ್ದು ಬರೀ ನೀರಿನಲ್ಲಿ ಮುಖ ತೊಳೆದು ಅದೇ ಟವೆಲ್‌ನಲ್ಲಿ ಒರೆಸಿಕೊಂಡರೆ ಉಳಿದಿದ್ದೂ ಟವೆಲ್ ಸೇರಿತು.

ಮನೆಯವರ ಕಣ್ಣಿಗೆ ಆಗಲೂ ಏನೂ ಕಾಣುವುದಿಲ್ಲ, ಏಕೆಂದರೆ ಕ್ರೀಮು ಬಿಳಿ, ಒಣಗಿದ ಮೇಲೆ ಗುರುತೇ ಇಲ್ಲ. ಬೆನ್ಝಾಯಿಲ್ ಪೆರಾಕ್ಸೈಡ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಹಾಗಾಗಿ ಬಕೆಟ್‌ನಲ್ಲಿ ಅದ್ದಿ ತೆಗೆದರೂ ಸ್ವಲ್ಪ ನೂಲಿನಲ್ಲೇ ಉಳಿಯುತ್ತದೆ. ಶಾಖ ಸಿಕ್ಕರೆ ಇದು ಚುರುಕಾಗುತ್ತದೆ. ಬಿಸಿನೀರಿನಲ್ಲಿ ನೆನೆಸಿದಾಗ, ಮಧ್ಯಾಹ್ನದ ಬಿಸಿಲಿಗೆ ಒಣಗಿಸಿದಾಗ, ಇಸ್ತ್ರಿ ಪೆಟ್ಟಿಗೆ ಇಟ್ಟಾಗ ಮಚ್ಚೆ ಎದ್ದು ಬರುತ್ತದೆ. ಹಾಗಾಗಿಯೇ "ಇಸ್ತ್ರಿಗೆ ಕೊಟ್ಟಾಗ ಚೆನ್ನಾಗಿತ್ತು, ವಾಪಸ್ ಬಂದಾಗ ಹಿಂಗಾಗಿದೆ" ಎನ್ನುವ ಮಾತು. ಇಸ್ತ್ರಿ ಅಂಗಡಿಯವರು ಇಲ್ಲಿ ಸುಮ್ಮನೆ ಬೈಸಿಕೊಳ್ಳುವವರು. ಇನ್ನೊಂದು ತೊಂದರೆ, ಆ ದಿಂಬಿನ ಕವರ್ ಜೊತೆ ಒಂದೇ ಬಕೆಟ್‌ನಲ್ಲಿ ನೆನೆಸಿದ ಚೂಡಿದಾರಕ್ಕೂ ಇದು ಅಂಟಬಹುದು. ಕ್ರೀಮು ಹಚ್ಚದವರ ಬಟ್ಟೆಗೂ ಮಚ್ಚೆ ಬರುವುದು ಹೀಗೆ.

ಇದೇ ಎಂದು ಗುರುತಿಸೋದು ಹೇಗೆ?

ನಮ್ಮ ಕಡೆ ಕಿತ್ತಳೆ, ಕೆಂಪು ಕಲೆಗೆ ಬೇರೆ ಕಾರಣಗಳೂ ಇವೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ, ಹಳೆ ಕಬ್ಬಿಣದ ಪೈಪು, ತುಕ್ಕು ಹಿಡಿದ ತಂತಿ ಇದ್ದರೆ ತುಕ್ಕಿನ ಕಲೆ ಬೀಳುತ್ತದೆ. ಆದರೆ ತುಕ್ಕು ಬಿಳಿ ಬಟ್ಟೆಯ ಮೇಲೆ ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ, ನಿಂಬೆರಸ ಹಾಕಿ ಉಜ್ಜಿದರೆ ಸ್ವಲ್ಪವಾದರೂ ತಿಳಿಯಾಗುತ್ತದೆ. ಕ್ರೀಮಿನ ಮಚ್ಚೆ ಬಿಳಿ ಬಟ್ಟೆಯ ಮೇಲೆ ಬೀಳುವುದೇ ಇಲ್ಲ, ಬಣ್ಣದ ಬಟ್ಟೆಯ ಮೇಲೆ ಮಾತ್ರ. ಅರಿಶಿನದ ಕಲೆಯಾದರೆ ಸೋಪು ತಾಗಿದ ತಕ್ಷಣ ಕೆಂಪಾಗುತ್ತದೆ, ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಕ್ರೀಮಿನ ಮಚ್ಚೆ ಸೋಪಿಗೂ ಜಗ್ಗಲ್ಲ, ಬಿಸಿಲಿಗೂ ಜಗ್ಗಲ್ಲ.

ಬಟ್ಟೆ ಅಂಗಡಿಯವರಿಗೆ ಇದು ಉಪಯೋಗಕ್ಕೆ ಬರುವ ಮಾತು. ಕಳಪೆ ಬಣ್ಣ ಬಿಟ್ಟರೆ ನೀರೆಲ್ಲ ಬಣ್ಣವಾಗುತ್ತದೆ, ಬಟ್ಟೆ ಪೂರ್ತಿ ಒಂದೇ ಸಮ ಮಂಕಾಗುತ್ತದೆ. ಇಲ್ಲಿ ಹಾಗಲ್ಲ. ಉಳಿದ ಟವೆಲ್ ಹೊಸದರಂತೆ ಇದ್ದು, ಬೆರಳು ಒರೆಸುವ, ಕೆನ್ನೆ ತಾಗುವ ಜಾಗದಲ್ಲಷ್ಟೇ ಮಚ್ಚೆ. ಅಂಗಿಯಾದರೆ ಕಾಲರ್ ಹತ್ತಿರ, ಬೆನ್ನಿಗೆ ಹಚ್ಚುವವರಾದರೆ ಬೆನ್ನಿನ ಭಾಗದಲ್ಲಿ, ಹೊದಿಕೆಯಾದರೆ ಮುಖದ ತನಕ ಎಳೆದುಕೊಳ್ಳುವ ಅಂಚಿನಲ್ಲಿ. ಗಿರಾಕಿ ಜೊತೆ ಜಗಳಕ್ಕೆ ಇಳಿಯುವ ಮೊದಲು "ಮನೇಲಿ ಯಾರಾದ್ರೂ ಮೊಡವೆಗೆ ಕ್ರೀಮ್ ಹಚ್ತಾರಾ ಅಮ್ಮ?" ಅಂತ ಒಂದು ಮಾತು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಇನ್ನೂ ಅನುಮಾನ ಇದ್ದರೆ, ಮನೆಯಲ್ಲಿ ಅದೇ ಟವೆಲ್‌ನ ಒಂದು ಮೂಲೆಗೆ ಅಕ್ಕಿಕಾಳಿನಷ್ಟು ಕ್ರೀಮು ಹಚ್ಚಿ ರಾತ್ರಿ ಬಿಟ್ಟು, ಮಾರನೆ ದಿನ ಒಗೆದು ಒಣಗಿಸಿ ನೋಡಲಿ. ಅದೇ ಕಿತ್ತಳೆ ಬಂದರೆ ಅನುಮಾನ ತೀರಿತು.

ಕ್ರೀಮು ನಿಲ್ಲಿಸಬೇಕಾ?

ಮಚ್ಚೆ ನೋಡಿ ಹೆದರುವವರೇ ಹೆಚ್ಚು. "ಬಟ್ಟೇನೇ ಹಿಂಗೆ ಸುಡುತ್ತೆ ಅಂದ್ರೆ ಮುಖದ ಗತಿ ಏನು?" ಅನ್ನುವ ಪ್ರಶ್ನೆ ಸಹಜ. ಬಟ್ಟೆ ಸುಟ್ಟಿಲ್ಲ, ನೂಲು ಗಟ್ಟಿಯಾಗೇ ಇರುತ್ತದೆ, ಬಣ್ಣ ಮಾತ್ರ ಹೋಗಿದೆ. ಚರ್ಮದ ಬಣ್ಣ ಬಟ್ಟೆಗೆ ಹಾಕಿದ ಬಣ್ಣದ ಹಾಗೆ ಮೇಲ್ಮೈಯಲ್ಲಿ ಕೂತಿರುವುದಲ್ಲ, ಈ ಕ್ರೀಮಿನಿಂದ ಮುಖದ ಮೇಲೆ ಕಿತ್ತಳೆ ಮಚ್ಚೆ ಬೀಳುವುದಿಲ್ಲ. ಹುಬ್ಬು, ಗಡ್ಡ, ಬಣ್ಣ ಹಚ್ಚಿದ ತಲೆಗೂದಲಿಗೆ ತಾಗಿದರೆ ಮಾತ್ರ ಅಲ್ಲಿ ಬಣ್ಣ ತಿಳಿಯಾಗಬಹುದು. ಶುರುವಿನಲ್ಲಿ ಚರ್ಮ ಒಣಗುವುದು, ಸ್ವಲ್ಪ ಉರಿ, ಸಿಪ್ಪೆ ಏಳುವುದು ಸಾಮಾನ್ಯ. ಮುಖ ಊದಿಕೊಂಡರೆ, ಗುಳ್ಳೆ ಎದ್ದರೆ ಮಾತ್ರ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು.

ನಿಜವಾದ ಅಪಾಯ ಬೇರೆ ಕಡೆ ಇದೆ. ಟವೆಲ್ ಹಾಳಾಯಿತು ಅಂತ ಈ ಟ್ಯೂಬ್ ಎಸೆದು, ಯಾರೋ ಹೇಳಿದ ಸ್ಟೀರಾಯ್ಡ್ ಬೆರೆತ ಕ್ರೀಮು ತಂದು ಹಚ್ಚುವುದು. ಬೀಟಾಮೆಥಸೋನ್, ಕ್ಲೋಬೆಟಸಾಲ್ ಎಂಬ ಹೆಸರು ಇದ್ದರೆ ಅದು ಸ್ಟೀರಾಯ್ಡ್. ಅದು ಬಟ್ಟೆಗೆ ಏನೂ ಮಾಡುವುದಿಲ್ಲ, ನಾಲ್ಕು ದಿನ ಮುಖವೂ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಮೊಡವೆ ಮೊದಲಿಗಿಂತ ಜಾಸ್ತಿಯಾಗಿ, ಬಿಟ್ಟರೆ ಉರಿ ಅನ್ನುವ ಸ್ಥಿತಿಗೆ ತರುತ್ತದೆ. ಮೆಡಿಕಲ್ ಸ್ಟೋರಿನವರು ಬೆನ್ಝಾಯಿಲ್ ಪೆರಾಕ್ಸೈಡ್ ಟ್ಯೂಬ್ ಕೊಡುವಾಗಲೇ "ಇದು ಬಣ್ಣದ ಬಟ್ಟೆಗೆ ತಾಗಬಾರದು, ಬಿಳಿ ಟವೆಲ್ ಇಟ್ಕೊಳಿ" ಅಂತ ಒಂದು ಮಾತು ಹೇಳಿಬಿಟ್ಟರೆ ಎಷ್ಟೋ ಮಕ್ಕಳು ಈ ದಾರಿ ಹಿಡಿಯುವುದು ತಪ್ಪುತ್ತದೆ.

ಉಪಾಯ ಬಿಳಿ ಬಟ್ಟೆ

ಎಲ್ಲಕ್ಕಿಂತ ಸುಲಭದ ದಾರಿ ಬಿಳಿ ಬಟ್ಟೆ. ಹೊಸದು ಕೊಳ್ಳಬೇಕಿಲ್ಲ, ಹಳೆ ಬಿಳಿ ಪಂಚೆಯನ್ನು ಎರಡು ತುಂಡು ಮಾಡಿದರೆ ಒಂದು ದಿಂಬಿಗೆ ಸುತ್ತುವುದಕ್ಕೆ, ಇನ್ನೊಂದು ಮುಖ ಒರೆಸುವುದಕ್ಕೆ. ಮಲಗುವಾಗ ಬಿಳಿ ಬನಿಯನ್. ಅಂಗಡಿಯವರನ್ನು ಕೇಳಿದರೆ ಅಚ್ಚ ಬಿಳಿ ಇರಲಿ, ಅಂಚಿನಲ್ಲಿ ಬಣ್ಣದ ಪಟ್ಟೆ ಇದ್ದರೆ ಆ ಪಟ್ಟೆಗೂ ಮಚ್ಚೆ ಬೀಳಬಹುದು. ವ್ಯಾಟ್ ಡೈ ಹಾಕಿದ ಬಟ್ಟೆ ಇಂಥ ಬ್ಲೀಚಿಗೆ ಹೆಚ್ಚು ತಡೆಯುತ್ತದೆ, ಆದರೆ ಕಣ್ಣಿನಲ್ಲಿ ನೋಡಿ ಅದನ್ನು ಗುರುತಿಸಲು ಆಗುವುದಿಲ್ಲ, ತಯಾರಕರೇ ಹೇಳಬೇಕು.

ಹಚ್ಚುವಾಗ ತೆಳುವಾಗಿ ಹಚ್ಚಿ, ಹಾಸಿಗೆಗೆ ಹೋಗುವ ಮೊದಲು ಹತ್ತು ಹದಿನೈದು ನಿಮಿಷ ಒಣಗಲು ಬಿಡಬೇಕು. ಇದರಿಂದ ಮಚ್ಚೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ, ಒಣಗಿದ ಕ್ರೀಮೂ ಬೆವರಿಗೆ ಇಳಿಯುತ್ತದೆ. ಹಚ್ಚಿದ ಕೈಯನ್ನು ಬೆರಳು ಸಂದಿ ಸಹಿತ ಸೋಪು ಹಾಕಿ ತೊಳೆಯುವುದು ಮರೆಯುವಂತಿಲ್ಲ, ಅರ್ಧ ಮಚ್ಚೆ ಬೀಳುವುದು ಕೈಯಿಂದಲೇ. ಬೆಳಗ್ಗೆ ಫೇಸ್‌ವಾಶ್ ಅಥವಾ ಸೋಪಿನಲ್ಲಿ ಮುಖ ತೊಳೆದು ಬಿಳಿ ಬಟ್ಟೆಯಲ್ಲಿ ಒರೆಸಿಕೊಂಡ ಮೇಲೆ ಬಣ್ಣದ ಯೂನಿಫಾರಂ ಹಾಕಿಕೊಳ್ಳಲಿ. ಶೇಕಡಾ 10ರ ಬದಲು 2.5 ತಂದರೆ ಬಟ್ಟೆ ಉಳಿಯುತ್ತದೆ ಅಂತಲ್ಲ, 2.5 ಕೂಡ ಬಣ್ಣ ತೆಗೆಯುತ್ತದೆ. ಆದರೆ ಮೊಡವೆಗೆ 2.5 ಸಾಮಾನ್ಯವಾಗಿ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಉರಿ ಕಡಿಮೆ. ರಾತ್ರಿಯಿಡೀ ಬಿಡುವ ಬದಲು ಕೆಲವೇ ನಿಮಿಷ ಬಿಟ್ಟು ತೊಳೆದುಬಿಡುವ ಕ್ರಮವೂ ಇದೆ, ಬೆನ್ನಿನ ಮೊಡವೆಗೆ ಅದು ಅನುಕೂಲ. ಯಾರಿಗೆ ಯಾವುದು ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಕ್ರೀಮು ತಾಗಿದ ಬಿಳಿ ಬಟ್ಟೆಗಳನ್ನು ಬೇರೆ ಬಕೆಟ್‌ನಲ್ಲಿ ಒಗೆಯಬೇಕು. ಬಣ್ಣದ ಬಟ್ಟೆಗೆ ಈಗಷ್ಟೇ ತಾಗಿದೆ ಅಂದರೆ ಒಣಗಲು ಬಿಡದೆ ಸೋಪಿನ ಪುಡಿ ಹಾಕಿ ತಣ್ಣೀರಿನಲ್ಲಿ ಚೆನ್ನಾಗಿ ಉಜ್ಜಿ, ಎರಡು ಮೂರು ಸಲ ಜಾಲಿಸಿ, ನೆರಳಿನಲ್ಲಿ ಒಣಗಿಸಿದರೆ ಉಳಿಯುವ ಸಾಧ್ಯತೆ ಇದೆ. ಇಸ್ತ್ರಿ ಮಾತ್ರ ಆ ಸಲ ಬೇಡ. ಮಚ್ಚೆ ಆಗಲೇ ಬಿದ್ದಿದ್ದರೆ ಬಟ್ಟೆ ಪೂರ್ತಿ ಕಪ್ಪು ಅಥವಾ ಗಾಢ ಬಣ್ಣ ಹಾಕಿಸುವುದೊಂದೇ ದಾರಿ, ಅದರಲ್ಲೂ ಮಚ್ಚೆಯ ಜಾಗ ಸ್ವಲ್ಪ ಬೇರೆಯಾಗೇ ಕಾಣಬಹುದು. ನೂರಿನ್ನೂರರ ಟವೆಲ್‌ಗೆ ಆ ಖರ್ಚು ಗಿಟ್ಟುವುದಿಲ್ಲ, ಕ್ರೀಮು ಹಚ್ಚುವವರಿಗೇ ಅದನ್ನು ಬಿಟ್ಟುಕೊಟ್ಟರಾಯಿತು.