ಚಿರತೆ ‘ಅಟ್ ಲಾರ್ಜ್’ ಆದರೆ ದಪ್ಪಗಾಯಿತು ಎಂದಲ್ಲ

‘ದ ಲೆಪರ್ಡ್ ಈಸ್ ಸ್ಟಿಲ್ ಅಟ್ ಲಾರ್ಜ್, ಇಟ್ ವಾಸ್ ಸೀನ್ ನಿಯರ್ ದ ಸ್ಕೂಲ್ ಯೆಸ್ಟರ್‌ಡೇ.’ ಇಂಗ್ಲಿಷ್ ವರ್ಕ್‌ಶೀಟಿನಲ್ಲಿ ಇಂಥದೊಂದು ವಾಕ್ಯ ಕೊಟ್ಟು, ‘ಅಟ್ ಲಾರ್ಜ್’ ಕೆಳಗೆ ಗೆರೆ ಎಳೆದು, ನಾಲ್ಕು ಆಯ್ಕೆ ಇಟ್ಟಿದ್ದಾರೆ ಎನ್ನಿ: ಚಿರತೆ ದೊಡ್ಡದಾಗಿ ಬೆಳೆದಿದೆ, ಬೋನಿಗೆ ಬಿದ್ದಿದೆ, ಎಲ್ಲೋ ಅಡಗಿದೆ, ಇನ್ನೂ ಸೆರೆಸಿಕ್ಕಿಲ್ಲ.

ಈ ನಾಲ್ಕನ್ನೂ ಬೇಕೆಂದೇ ಹೆಣೆದಿರುತ್ತಾರೆ. ಮೊದಲನೆಯದು ‘ಲಾರ್ಜ್’ ಎಂಬ ಪದವನ್ನಷ್ಟೇ ನೋಡಿ ಬೀಳುವವರಿಗೆ. ಎರಡನೆಯದು ಸರಿಯುತ್ತರದ ತದ್ವಿರುದ್ಧ. ಎಲ್ಲೋ ಓದಿದ ನೆನಪು ಅರ್ಧಂಬರ್ಧ ಉಳಿದವರು ಇದನ್ನು ಗುರುತು ಹಾಕುತ್ತಾರೆ. ನಿಜವಾದ ಪರೀಕ್ಷೆ ಇರುವುದು ಮೂರನೆಯದರಲ್ಲಿ. ತಪ್ಪಿಸಿಕೊಂಡ ಪ್ರಾಣಿ ಅಡಗಿರುವುದು ಸಹಜವೇ. ಆದರೆ ವಾಕ್ಯದ ಎರಡನೇ ಭಾಗ ಓದಿ: ನಿನ್ನೆ ಶಾಲೆಯ ಹತ್ತಿರ ಕಂಡಿದೆ. ಕಣ್ಣಿಗೆ ಬಿದ್ದದ್ದು ಅಡಗಿದೆ ಎನ್ನುವುದು ಹೊಂದುವುದಿಲ್ಲ. ‘ಅಟ್ ಲಾರ್ಜ್’ ಹೇಳುವುದು ಇನ್ನೂ ಕೈಗೆ ಸಿಕ್ಕಿಲ್ಲ ಎಂಬುದನ್ನಷ್ಟೆ. ಅಡಗಿದೆಯೋ ಅಲೆಯುತ್ತಿದೆಯೋ ಎಂಬುದು ಅದರೊಳಗಿಲ್ಲ.

ಹಾಗೆಂದು ಇದನ್ನೇ ಪಟ್ಟಿಯಲ್ಲಿ ಬರೆದು ಬಾಯಿಪಾಠ ಮಾಡಿದರೆ ಮುಂದಿನ ವಾಕ್ಯದಲ್ಲಿ ಎಡವುತ್ತೀರಿ. ‘ಸೊಸೈಟಿ ಅಟ್ ಲಾರ್ಜ್’ ಎಂದರೆ ಸೆರೆಸಿಗದ ಸಮಾಜವಲ್ಲ, ಒಟ್ಟಾರೆ ಸಮಾಜ. ‘ಟೇಕನ್ ಇನ್’ ಕೂಡ ಹೀಗೆಯೇ. ಏಜೆಂಟನ ನಯವಾದ ಮಾತಿನಿಂದ ‘ಟೇಕನ್ ಇನ್’ ಆದವನು ಮೋಸಹೋದವನು. ಚಿಕ್ಕಪ್ಪನಿಂದ ‘ಟೇಕನ್ ಇನ್’ ಆದ ಅನಾಥ ಹುಡುಗನಿಗೆ ಆಸರೆ ಸಿಕ್ಕಿದೆ. ಅಕ್ಷರ ಅದೇ, ಅಕ್ಕಪಕ್ಕದ ಪದಗಳು ಬೇರೆ. ಹಾಗಾಗಿ ನುಡಿಗಟ್ಟನ್ನು ಬೆರಳಿನಿಂದ ಮುಚ್ಚಿ ಉಳಿದ ವಾಕ್ಯ ಏನು ಹೇಳುತ್ತಿದೆ ಎಂದು ಮೊದಲು ನೋಡುವುದು, ಆಮೇಲೆ ಪ್ರತಿ ಆಯ್ಕೆಯನ್ನೂ ಆ ಜಾಗದಲ್ಲಿಟ್ಟು ಓದುವುದು ಒಳ್ಳೆಯದು.

ಕನ್ನಡದವರಿಗೆ ಇನ್ನೊಂದು ಗುಂಡಿಯಿದೆ. ‘ಪೋಕ್ ಒನ್ಸ್ ನೋಸ್’ ಎಂದರೆ ನಮ್ಮ ಮೂಗು ತೂರಿಸುವುದೇ, ಅಲ್ಲಿ ತೊಂದರೆಯಿಲ್ಲ. ಅದೇ ಧೈರ್ಯದಲ್ಲಿ ‘ಗಿವ್ ಎ ಹ್ಯಾಂಡ್’ ಎಂಬುದನ್ನು ಕೈಕೊಡುವುದು ಎಂದುಕೊಂಡರೆ ಅರ್ಥ ತಲೆಕೆಳಗು. ನಮ್ಮಲ್ಲಿ ಕೈಕೊಟ್ಟವನು ನಡುನೀರಿನಲ್ಲಿ ಬಿಟ್ಟುಹೋದವನು, ಅವರಲ್ಲಿ ಸಹಾಯಕ್ಕೆ ಬಂದವನು.

ಇಡೀ ವಿವರಣೆಗೆ ಒಂದೇ ಪದ ಹುಡುಕುವ ಪ್ರಶ್ನೆಗಳಲ್ಲಿ ಹೆಚ್ಚಿನವರು ಸೋಲುವುದು ಜೋಡಿ ಪದಗಳಲ್ಲಿ. ‘ಎಮಿಗ್ರಂಟ್’, ‘ಇಮಿಗ್ರಂಟ್’ ಎರಡೂ ದೇಶ ಬಿಟ್ಟು ದೇಶಕ್ಕೆ ಹೋಗಿ ನೆಲೆಸಿದವರ ಹೆಸರು. ಒಬ್ಬನೇ ಮನುಷ್ಯ ಎರಡೂ ಆಗಬಹುದು. ಮಂಗಳೂರಿನಿಂದ ಹೋಗಿ ಕೆನಡಾದಲ್ಲಿ ನೆಲೆಸಿದವನು ಭಾರತದ ಲೆಕ್ಕದಲ್ಲಿ ಎಮಿಗ್ರಂಟ್, ಕೆನಡಾದ ಲೆಕ್ಕದಲ್ಲಿ ಇಮಿಗ್ರಂಟ್. ಆದ್ದರಿಂದ ವಿವರಣೆ ಯಾವ ದಡದಲ್ಲಿ ನಿಂತು ಮಾತಾಡುತ್ತಿದೆ ಎಂದು ನೋಡಬೇಕು. ‘ಲೀವ್ಸ್ ಹಿಸ್ ಕಂಟ್ರಿ’ ಎಂದಿದ್ದರೆ ಹೊರಟ ದಡ, ‘ಕಮ್ಸ್ ಇನ್‌ಟು ಎ ಕಂಟ್ರಿ’ ಎಂದಿದ್ದರೆ ತಲುಪಿದ ದಡ.

‘ಏಥಿಯಿಸ್ಟ್’, ‘ಅಗ್ನಾಸ್ಟಿಕ್’ ಜೋಡಿಯಲ್ಲಿ ಕ್ರಿಯಾಪದವೇ ಕೀಲಿ. ದೇವರಿದ್ದಾನೆಂದು ನಂಬದವನು ಮೊದಲನೆಯವನು. ಇದ್ದಾನೋ ಇಲ್ಲವೋ ತಿಳಿಯಲು ಸಾಧ್ಯವಿಲ್ಲ ಎನ್ನುವವನು ಎರಡನೆಯವನು. ಪ್ರಶ್ನೆಯಲ್ಲಿ ‘ಬಿಲೀವ್’ ಇದೆಯೋ ‘ನೋ’ ಇದೆಯೋ ಎಂದು ನೋಡದೆ ‘ಗಾಡ್’ ಕಂಡ ಕೂಡಲೇ ಗುರುತು ಹಾಕಿದರೆ ಅಂಕ ಹೋಯಿತು.

ವಾಕ್ಯವೇ ಬಡವಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ‘ದ ಸ್ಟೇಡಿಯಂ ಈಸ್ ಎ ವೈಟ್ ಎಲಿಫಂಟ್’ ಎಂದಷ್ಟೇ ಬರೆದರೆ ಗೊತ್ತಿದ್ದವರಿಗೆ ಗೊತ್ತು, ಇಲ್ಲದವರು ಚೀಟಿ ಎತ್ತಬೇಕು. ಅಲ್ಲಿ ಯಾರೂ ಆಡುವುದಿಲ್ಲ, ನಿರ್ವಹಣೆಗೆ ಮಾತ್ರ ವರ್ಷವರ್ಷವೂ ದುಡ್ಡು ಸುರಿಯಬೇಕು ಎಂದು ಅರ್ಧ ಸಾಲು ಸೇರಿಸಿದರೆ, ದುಬಾರಿಯಾದ ನಿರುಪಯೋಗಿ ಆಸ್ತಿ ಎಂಬ ಅರ್ಥ ಹೊಸಬನಿಗೂ ಹೊಳೆಯುತ್ತದೆ. ನನ್ನ ಕೇಳಿದರೆ, ಆ ಅರ್ಧ ಸಾಲು ಬರೆಯದ ವರ್ಕ್‌ಶೀಟು ಪಾಠ ಮಾಡುವುದಿಲ್ಲ, ನೆನಪನ್ನಷ್ಟೇ ಅಳೆಯುತ್ತದೆ.

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಇಂಥ ಬಡ ಪ್ರಶ್ನೆಗಳೂ ಬರುತ್ತವೆ. ಸರಿಯುತ್ತರಕ್ಕೆ 2 ಅಂಕ, ತಪ್ಪಿಗೆ 0.50 ಕಡಿತ ಎಂಬ ನಿಯಮವಿರುವ ಕಡೆ ಲೆಕ್ಕ ಹಾಕಿ ನೋಡಿ. ಪದದ ಮೇಲ್ನೋಟಕ್ಕೆ ಬೀಳಿಸುವ ಆಯ್ಕೆಯನ್ನೂ ವಾಕ್ಯಕ್ಕೆ ಹೊಂದದ ಇನ್ನೊಂದನ್ನೂ ತೆಗೆದುಹಾಕಿ ಎರಡಕ್ಕೆ ಬಂದು ನಿಂತರೆ, ಅಂಥ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿಯಾಗಿ ಎರಡು ತಪ್ಪಿದರೂ 4 ಅಂಕ ಬಂದು 1 ಹೋಗುತ್ತದೆ. ಖಾಲಿ ಬಿಟ್ಟಿದ್ದರೆ ಆ 3 ಅಂಕವೂ ಇಲ್ಲ.